ಎರಡನೇ ಮರಿಯ ಮೊದಲ ರಾತ್ರಿ

ಮುಂಗಾರು ಬಿದ್ದು ಹುಲ್ಲು ಚಿಗುರಿದ ಮೇಲೆ ಕುರಿಗಳು ಮೈತುಂಬಿಕೊಂಡು ಬೆದೆಗೆ ಬರುತ್ತವೆ. ಕುರಿಯ ಗಬ್ಬದ ಅವಧಿ ಸುಮಾರು 147 ದಿನ, ಎಂದರೆ ಐದು ತಿಂಗಳಿಗೆ ನಾಲ್ಕಾರು ದಿನ ಕಡಿಮೆ. ಜುಲೈ 5ರಂದು ಟಗರು ಹಾರಿದ ಕುರಿ ನವೆಂಬರ್ 29ರ ಆಸುಪಾಸಿನಲ್ಲಿ ಮರಿ ಹಾಕುತ್ತದೆ. ವಿಜಯಪುರ, ಬಾಗಲಕೋಟೆ, ಬೀದರ್ ಕಡೆ ರಾತ್ರಿಯ ಚಳಿ ಬಿಗಿಯಾಗುವುದೂ ಅದೇ ಹೊತ್ತಿಗೆ. ತಾಯಿಯ ಹೊಟ್ಟೆಯೊಳಗೆ 102-103 ಡಿಗ್ರಿ ಫ್ಯಾರನ್‌ಹೀಟ್ ಕಾವಿನಲ್ಲಿದ್ದ ಮರಿ, ಮೈಯೆಲ್ಲ ಒದ್ದೆಯಾಗಿ, ಗಾಳಿ ಬೀಸುವ ಬಯಲಿಗೆ ಬಂದು ಬೀಳುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುವ ಮರಿಗಳಲ್ಲಿ ದೊಡ್ಡ ಪಾಲು ಯಾವ ರೋಗವೂ ಇಲ್ಲದೆ ಸಾಯುತ್ತದೆ. ಅವನ್ನು ಕೊಲ್ಲುವುದು ಹಸಿವು ಮತ್ತು ಚಳಿ. ಇವೆರಡೂ ಬಂದರೆ ಜೊತೆಯಾಗಿಯೇ ಬರುತ್ತವೆ.

ಈ ಮಾತನ್ನು ಈಗ ಬಿಡಿಸಿ ಹೇಳಬೇಕಾಗಿರುವುದಕ್ಕೆ ಕಾರಣವಿದೆ. ನಮ್ಮ ಡೆಕ್ಕನಿ, ಬಳ್ಳಾರಿ ತಳಿಯ ಕುರಿಗಳು ಸಾಮಾನ್ಯವಾಗಿ ಒಂದೇ ಮರಿ ಹಾಕುವಂಥವು. ತಲೆಮಾರುಗಳಿಂದ ಬಂದ ಕುರಿಗಾಹಿಗಳ ಅನುಭವ ರೂಪುಗೊಂಡದ್ದು ಆ ಒಂಟಿ ಮರಿಯ ಸುತ್ತ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನದ ಗಾರೋಲ್ ಎಂಬ ಪುಟ್ಟ ಕುರಿಯಲ್ಲಿದ್ದ ಅವಳಿ ಹೆರುವ ಗುಣವನ್ನು ಡೆಕ್ಕನಿ ಕುರಿಗೆ ತಂದು ನಾರಿ ಸುವರ್ಣವನ್ನು ಬೆಳೆಸಿದರು. ಆ ಗುಣಕ್ಕೆ ಕಾರಣವಾದ ವಂಶವಾಹಿ ಒಂದೇ ಒಂದು, ಆದ್ದರಿಂದ ಅದು ಟಗರಿನ ಮೂಲಕವೂ ಮಂದೆಗೆ ಬರುತ್ತದೆ. ಕರ್ನಾಟಕದ ಅನೇಕ ರೊಪ್ಪಗಳಲ್ಲಿ ಈಗ ಅವಳಿ ಮರಿಗಳು ಕಾಣುತ್ತಿವೆ. ಆದರೆ ಒಂಟಿ ಮರಿ ಮೂರು ಕೆ.ಜಿ. ತೂಗುವಲ್ಲಿ ಅವಳಿಯ ಒಂದೊಂದು ಮರಿ ಎರಡು ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ. ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ. ತಾಯಿ ಮೊದಲನೆಯದನ್ನು ನೆಕ್ಕುತ್ತಿರುವಾಗಲೇ ಎರಡನೆಯದು ಹುಟ್ಟಿ ಒದ್ದೆಯಾಗಿಯೇ ಬಿದ್ದಿರುತ್ತದೆ. ಎರಡು ಮರಿ ಹುಟ್ಟಿತು ಎಂಬ ಲೆಕ್ಕವೂ ಎರಡು ಮರಿ ಮಾರಿದೆ ಎಂಬ ಲೆಕ್ಕವೂ ಬೇರೆ ಬೇರೆಯಾಗುವುದು ಈ ಎರಡನೇ ಮರಿಯ ಮೊದಲ ರಾತ್ರಿಯಲ್ಲಿ.

ಮರಿ ಹಾಕುವುದಕ್ಕೆ ಮೊದಲಿನ ಸಿದ್ಧತೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಹೊಟ್ಟೆಯೊಳಗಿನ ಮರಿ ತನ್ನ ತೂಕದ ಮೂರರಲ್ಲಿ ಎರಡು ಪಾಲನ್ನು ಪಡೆಯುವುದು ಕೊನೆಯ ಆರು ವಾರಗಳಲ್ಲಿ. ಆಗ ತಾಯಿಗೆ ಮೇವಿನ ಜೊತೆ ಕಾಳು, ಹಿಂಡಿ ಸಿಕ್ಕರೆ ಮರಿಯ ಮೈಯೂ ತುಂಬುತ್ತದೆ, ಕೆಚ್ಚಲೂ ತುಂಬುತ್ತದೆ. ಮರಿ ಹಾಕಲು ನಾಲ್ಕರಿಂದ ಆರು ವಾರ ಇರುವಾಗ ಕರುಳುಬೇನೆಯ ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಗಿಣ್ಣು ಹಾಲಿನ ಮೂಲಕ ಮರಿಗೆ ದಾಟುತ್ತದೆ. ಕೆಚ್ಚಲ ಸುತ್ತಲಿನ ಮತ್ತು ತೊಡೆಸಂದಿನ ಉಣ್ಣೆಯನ್ನು ಕತ್ತರಿಸಿಡಬೇಕು. ಇದು ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ತೊಟ್ಟು ಹುಡುಕುವ ಮರಿ ಬಾಯಿಗೆ ಸಿಕ್ಕ ಕೊಳಕು ಉಣ್ಣೆಯ ಎಳೆಯನ್ನೇ ಚೀಪುತ್ತ ಹೊತ್ತು ಕಳೆಯುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ರೊಪ್ಪದ ಗಾಳಿ ಬೀಸದ ಮೂಲೆಯಲ್ಲಿ ಬಿದಿರಿನ ತಡಿಕೆಗಳಿಂದ ನಾಲ್ಕೈದು ಅಡಿ ಚೌಕದ ಒಂದೆರಡು ಗೂಡು ಕಟ್ಟಿ, ಒಣ ಹುಲ್ಲು ಹಾಸಿಟ್ಟರೆ ತಾಯಿ-ಮರಿಗಳ ಮನೆ ಸಿದ್ಧ.

ದಿನ ತುಂಬಿದ ಕುರಿ ಮಂದೆಯಿಂದ ಹಿಂದುಳಿಯುತ್ತದೆ. ಮೇವು ಬಿಟ್ಟು ಕಾಲಿನಿಂದ ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ, ಹೊರಳಿ ತನ್ನ ಹಿಂಭಾಗವನ್ನು ನೋಡಿಕೊಳ್ಳುತ್ತದೆ. ಈ ಹಂತ ಎರಡು ಗಂಟೆಯಿಂದ ಆರು ಗಂಟೆಯವರೆಗೂ ಎಳೆಯಬಹುದು, ಚೊಚ್ಚಲ ಕುರಿಗೆ ಇನ್ನೂ ಹೆಚ್ಚು. ಆಗ ದೂರ ಕುಳಿತು ನೋಡುವುದೇ ಸರಿಯಾದ ಕೆಲಸ. ನೀರುಚೀಲ ಕಾಣಿಸಿಕೊಂಡ ಮೇಲೆ ಮಾತ್ರ ಗಡಿಯಾರ ನೋಡಲು ಶುರುಮಾಡಬೇಕು. ಅಲ್ಲಿಂದ ಸುಮಾರು ಒಂದು ಗಂಟೆಯೊಳಗೆ ಮರಿ ಹೊರಬರಬೇಕು. ಕುರಿ ಬಲವಾಗಿ ಮುಕ್ಕುತ್ತಿದ್ದು ಅರ್ಧ ಗಂಟೆಯಾದರೂ ಏನೂ ಮುಂದುವರಿಯದಿದ್ದರೆ, ಒಂದೇ ಕಾಲು ಕಾಣುತ್ತಿದ್ದರೆ, ತಲೆ ಬಂದು ಕಾಲು ಬಾರದಿದ್ದರೆ ಅಥವಾ ಬಾಲ ಮಾತ್ರ ಕಾಣುತ್ತಿದ್ದರೆ ಒಳಗೆ ಏನೋ ತೊಡಕಾಗಿದೆ ಎಂದು ತಿಳಿಯಬೇಕು.

ಸರಿಯಾಗಿ ಬರುವ ಮರಿ ನೀರಿಗೆ ಧುಮುಕುವವರ ಹಾಗೆ ಎರಡು ಮುಂಗಾಲನ್ನು ಚಾಚಿ, ಅವುಗಳ ಮೇಲೆ ಮೂತಿ ಇಟ್ಟುಕೊಂಡು ಬರುತ್ತದೆ. ಕೈಹಾಕಿ ನೋಡಬೇಕಾಗಿ ಬಂದರೆ ಉಗುರು ಕತ್ತರಿಸಿ, ಮೊಣಕೈವರೆಗೆ ಸಾಬೂನಿನಿಂದ ತೊಳೆದು, ಕೈಗವಸು ಹಾಕಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಜಾರು ಜೆಲ್ಲಿಯನ್ನು ಧಾರಾಳವಾಗಿ ಹಚ್ಚಿಕೊಳ್ಳಬೇಕು. ಕೈಗವಸು ಬರೀ ಕುರಿಯ ಸಲುವಾಗಿ ಅಲ್ಲ. ಕಂದು ಹಾಕುವ ರೋಗಗಳಲ್ಲಿ ಬ್ರುಸೆಲ್ಲಾದಂಥ ಕೆಲವು ಮನುಷ್ಯರಿಗೂ ದಾಟುತ್ತವೆ. ಮನೆಯ ಗರ್ಭಿಣಿಯರು ಈ ಕೆಲಸಕ್ಕೂ ಬರಬಾರದು, ಮಾಸು ಮತ್ತು ಒದ್ದೆ ಮರಿಗಳನ್ನೂ ಮುಟ್ಟಬಾರದು. ರೊಪ್ಪದ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೇ ಬರುವ ನಮ್ಮ ಮನೆಗಳಲ್ಲಿ ಈ ಮಾತನ್ನು ಗಂಡಸರು ನೆನಪಿಟ್ಟುಕೊಳ್ಳಬೇಕು.

ಒಳಗೆ ಕೈಗೆ ಸಿಕ್ಕ ಕಾಲು ಮುಂಗಾಲೋ ಹಿಂಗಾಲೋ ಎಂಬುದು ಮೊದಲ ಪ್ರಶ್ನೆ. ಗೊರಸಿನಿಂದ ಮೇಲಕ್ಕೆ ಬೆರಳಾಡಿಸಿ ಎರಡು ಗಿಣ್ಣುಗಳನ್ನು ಮಡಿಸಿ ನೋಡಿ. ಎರಡೂ ಒಂದೇ ದಿಕ್ಕಿಗೆ ಮಡಿದರೆ ಮುಂಗಾಲು, ಒಂದು ಈ ಕಡೆ ಇನ್ನೊಂದು ಆ ಕಡೆ ಮಡಿದರೆ ಹಿಂಗಾಲು. ಅವಳಿಯಲ್ಲಿ ಇನ್ನೊಂದು ಎಚ್ಚರ ಬೇಕು. ಸಿಕ್ಕ ಎರಡು ಕಾಲು ಒಂದೇ ಮರಿಯವು ಎಂಬುದು ಖಾತ್ರಿಯಾಗದೆ ಎಳೆಯಬಾರದು. ಒಂದು ಕಾಲಿನಿಂದ ಭುಜಕ್ಕೆ, ಭುಜದಿಂದ ಎದೆಗೆ, ಅಲ್ಲಿಂದ ಇನ್ನೊಂದು ಕಾಲಿಗೆ ಬೆರಳು ಎಲ್ಲೂ ತಪ್ಪದೆ ಹೋಗಿ ಮುಟ್ಟಬೇಕು. ಒಂದು ಮುಂಗಾಲು ಹಿಂದಕ್ಕೆ ಸಿಕ್ಕಿಕೊಂಡಿದ್ದರೆ, ಕುರಿ ಮುಕ್ಕುವುದನ್ನು ನಿಲ್ಲಿಸಿದ ಬಿಡುವಿನಲ್ಲಿ ಮರಿಯನ್ನು ಮೆಲ್ಲಗೆ ಒಳಕ್ಕೆ ಸರಿಸಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮುಂದಕ್ಕೆ ತರಬೇಕು. ಗೊರಸು ಬರಿದಾಗಿ ತಿರುಗಿದರೆ ಗರ್ಭಕೋಶ ಹರಿಯುತ್ತದೆ. ಎಳೆಯುವುದು ಕುರಿ ಮುಕ್ಕಿದಾಗ ಮಾತ್ರ, ಅದೂ ನೇರಕ್ಕಲ್ಲ, ಕುರಿಯ ಹಿಂಗಾಲುಗಳ ಕಡೆಗೆ ಕೆಳಮುಖವಾಗಿ. ಹತ್ತು ಹದಿನೈದು ನಿಮಿಷದಲ್ಲಿ ತೊಡಕು ಬಿಡದಿದ್ದರೆ ಅಥವಾ ತಲೆ ಹಿಂದಕ್ಕೆ ಹೊರಳಿ ಕೈಗೆ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ ಪಶುವೈದ್ಯರನ್ನು ಕರೆಯಬೇಕು. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಒಳಗೆ ಕೈಹಾಕಿದ ಕುರಿಗೆ ಸೋಂಕು ತಗಲದಂತೆ ಯಾವ ಔಷಧಿ ಬೇಕೆಂಬುದನ್ನೂ ಅವರಲ್ಲೇ ಕೇಳಿಕೊಳ್ಳಬೇಕು.

ಮರಿ ಹೊರಬಂದ ಕೂಡಲೇ ಮೂಗು ಬಾಯಿಯ ಲೋಳೆ ಒರೆಸಬೇಕು. ಉಸಿರಾಡದಿದ್ದರೆ ಮೂಗಿನ ಹೊಳ್ಳೆಯೊಳಗೆ ಹುಲ್ಲುಕಡ್ಡಿಯಿಂದ ಕಚಗುಳಿ ಇಟ್ಟರೆ ಸೀನಿ ಉಸಿರೆಳೆಯುತ್ತದೆ. ಒಣ ಗೋಣಿಚೀಲದಿಂದ ಪಕ್ಕೆಗಳನ್ನು ಜೋರಾಗಿ ಉಜ್ಜಿದರೂ ಆಗುತ್ತದೆ. ಹೊಕ್ಕುಳ ಬಳ್ಳಿಯನ್ನು 7 ಪ್ರತಿಶತದ ಟಿಂಚರ್ ಅಯೋಡಿನ್‌ನಲ್ಲಿ ಪೂರ್ತಿ ಅದ್ದಬೇಕು. ಬೂದಿ, ಮಣ್ಣು ಸವರುವುದು ಬೇಡ, ಕೀಲುಬಾವಿಗೆ ಮತ್ತು ಧನುರ್ವಾಯುವಿಗೆ ಅದೇ ದಾರಿ. ಇಷ್ಟಾದ ಮೇಲೆ ಮರಿಯನ್ನು ತಾಯಿಯ ಮೂತಿಯ ಮುಂದೆ ಇಟ್ಟು ಹಿಂದೆ ಸರಿಯಬೇಕು. ತಾಯಿ ನೆಕ್ಕುವುದರಿಂದ ಮರಿಯ ಮೈ ಒಣಗುತ್ತದೆ, ರಕ್ತ ಓಡಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಒಂದೆರಡು ಗಂಟೆಗಳಲ್ಲಿ ತಾಯಿ ತನ್ನ ಮರಿಯ ವಾಸನೆಯನ್ನು ಕಲಿಯುತ್ತದೆ. ಆ ಗಳಿಗೆ ದಾಟಿದ ಮೇಲೆ ಬೇರೆ ವಾಸನೆಯ ಮರಿ ಬಂದರೆ ಗುದ್ದಿ ಓಡಿಸುತ್ತದೆ.

ಊರೂರು ತಿರುಗುವ ಮಂದೆಗಳಲ್ಲಿ ಮರಿ ಹುಟ್ಟುವುದು ಹೆಚ್ಚಾಗಿ ಮೇಯುವ ಬಯಲಿನಲ್ಲೇ. ಅಲ್ಲಿಂದ ಮರಿಯನ್ನು ಹೊತ್ತು ತರುವಾಗ ಕಂಬಳಿಯ ಮಡಿಲಲ್ಲಿ ಮುಚ್ಚಿ ಎದೆಗವಚಿಕೊಂಡರೆ ತಾಯಿಗೆ ಅದು ಕಾಣುವುದಿಲ್ಲ. ಕುರಿ ತನ್ನ ಮರಿಯನ್ನು ಹುಡುಕುವುದು ನೆಲದ ಮಟ್ಟದಲ್ಲಿ. ಮರಿ ಮಾಯವಾದಂತೆ ಅನಿಸಿ ಅದು ಹೆತ್ತ ಜಾಗಕ್ಕೇ ಓಡುತ್ತದೆ. ಎರಡೂ ಮರಿಗಳನ್ನು ಒಟ್ಟಿಗೆ, ಕೆಳಕ್ಕೆ ಹಿಡಿದು, ತಾಯಿಯ ಮೂತಿಗೆ ತಾಕುವಂತೆ ನಡೆದರೆ ಅದು ತಾನಾಗಿ ಬೆನ್ನು ಹತ್ತುತ್ತದೆ. ಎರಡನೆಯದನ್ನು ಆಮೇಲೆ ತಂದರಾಯಿತು ಎಂದು ಒಂದನ್ನು ಅಲ್ಲೇ ಬಿಟ್ಟರೆ ತಾಯಿ ಅದನ್ನು ಒಪ್ಪದೆ ಹೋಗುವ ಸಂಭವವೇ ಹೆಚ್ಚು.

ಈಗ ಹಾಲಿನ ವಿಷಯ. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಮಗು ಗರ್ಭದಲ್ಲಿರುವಾಗಲೇ ಒಂದಷ್ಟು ದಾಟಿರುತ್ತದೆ. ಕುರಿಯಲ್ಲಿ ಮಾಸು ಅದನ್ನು ದಾಟಲು ಬಿಡುವುದಿಲ್ಲ, ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದ ರಕ್ಷಣೆಯೆಲ್ಲ ಗಿಣ್ಣು ಹಾಲಿನಲ್ಲಿದೆ. ಹುಟ್ಟಿದಾಗ ಮರಿಯ ಕರುಳು ಗಿಣ್ಣಿನ ರಕ್ಷಕ ಪ್ರೋಟೀನುಗಳನ್ನು ಇಡಿಯಾಗಿ ರಕ್ತಕ್ಕೆ ಹೀರಿಕೊಳ್ಳುವಷ್ಟು ತೆರೆದಿರುತ್ತದೆ. ಮೊದಲ ಆರು ಗಂಟೆಯಲ್ಲಿ ಅದು ಚೆನ್ನಾಗಿ ಹೀರುತ್ತದೆ, ಆಮೇಲೆ ಇಳಿಯುತ್ತ ಹೋಗಿ ಒಂದು ದಿನ ತುಂಬುವ ಹೊತ್ತಿಗೆ ದಾರಿ ಮುಚ್ಚುತ್ತದೆ. ಆಮೇಲೆ ಕೊಡ ತುಂಬ ಗಿಣ್ಣು ಕುಡಿಸಿದರೂ ಆ ರಕ್ಷಣೆ ರಕ್ತಕ್ಕೆ ಸೇರುವುದಿಲ್ಲ. ಮೊದಲ ಗಿಣ್ಣನ್ನು ದಪ್ಪಗಿದೆ, ಭೇದಿಯಾಗುತ್ತದೆ ಎಂದು ಹಿಂಡಿ ನೆಲಕ್ಕೆ ಚೆಲ್ಲುವವರು ಇನ್ನೂ ಇದ್ದಾರೆ. ಅವರು ಚೆಲ್ಲುತ್ತಿರುವುದು ಮರಿಯ ಮುಂದಿನ ಎರಡು ತಿಂಗಳ ಆರೋಗ್ಯವನ್ನು.

ಆದ್ದರಿಂದ ಪ್ರತಿ ತೊಟ್ಟಿನಿಂದ ಎರಡು ಮೂರು ಸೆಳೆ ಹಿಂಡಿ, ತುದಿಯಲ್ಲಿ ಕಟ್ಟಿಕೊಂಡ ಮೇಣದಂಥ ಬಿರಡೆಯನ್ನು ತೆಗೆದು, ಹಾಲು ಬರುತ್ತಿದೆಯೆಂದು ನೋಡಬೇಕು. ಕೆಚ್ಚಲು ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ, ಹಾಲಿನಲ್ಲಿ ಗರಣೆ ಅಥವಾ ರಕ್ತ ಕಂಡರೆ ಅದು ಕೆಚ್ಚಲುಬಾವು. ಆ ಕಡೆಯ ಹಾಲನ್ನು ಮರಿಗೆ ನೆಚ್ಚಿಕೊಳ್ಳುವಂತಿಲ್ಲ. ಆರೋಗ್ಯದ ಮರಿ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ಒಂದು ಎರಡು ಗಂಟೆಯೊಳಗೆ ಕುಡಿದಿರುತ್ತದೆ. ಕೆಚ್ಚಲ ಕೆಳಗೆ ನಿಂತಿದೆ, ಬಾಲ ಅಲ್ಲಾಡಿಸುತ್ತಿದೆ ಎಂದಮಾತ್ರಕ್ಕೆ ಕುಡಿದಿದೆ ಎಂದಲ್ಲ. ಹೊಟ್ಟೆ ಮುಟ್ಟಿ ನೋಡಬೇಕು. ಕುಡಿದ ಮರಿಯ ಹೊಟ್ಟೆ ಪಕ್ಕೆಗಳ ಹಿಂದೆ ತುಂಬಿ ಮೆತ್ತಗಿರುತ್ತದೆ, ಮಲಗಿದ್ದದ್ದು ಎದ್ದಾಗ ಮೈಮುರಿಯುತ್ತದೆ. ಕುಡಿಯದ ಮರಿ ಬೆನ್ನು ಬಾಗಿಸಿ, ನಾಲ್ಕು ಕಾಲನ್ನೂ ಒಟ್ಟು ಸೇರಿಸಿ ನಿಲ್ಲುತ್ತದೆ. ಅದರ ಚರ್ಮ ಸುಕ್ಕುಗಟ್ಟಿರುತ್ತದೆ. ಮೊದಮೊದಲು ಒಂದೇ ಸಮನೆ ಅರಚುತ್ತದೆ, ಆಮೇಲೆ ಅರಚುವುದನ್ನೂ ಬಿಡುತ್ತದೆ. ಬಾಗಲಕೋಟೆ ಕಡೆಯ ಹಿರಿಯ ಕುರಿಗಾರ್ತಿಯೊಬ್ಬರು ತಮ್ಮ ಸೊಸೆಗೆ ಹೇಳುತ್ತಿದ್ದುದು ಇದು: "ಬಾಯಾಗ ಬಟ್ಟಿಟ್ಟು ನೋಡವ್ವ, ಬೆಚ್ಚಗ ಇರಬೇಕು, ಚೀಪಬೇಕು. ತಣ್ಣಗ ಹತ್ತಿದರ ತಡ ಮಾಡಬ್ಯಾಡ." ಯಾವ ಸಲಕರಣೆಯೂ ಇಲ್ಲದ ರಾತ್ರಿಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಸಲಕರಣೆ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರೇ ಸಾಕು, ಕುರಿಗೆಂದು ಬೇರೊಂದನ್ನು ತೆಗೆದಿಡಬೇಕು ಅಷ್ಟೆ. ಮರಿಯ ಗುದದ್ವಾರದಲ್ಲಿ ಇಟ್ಟು ನೋಡಿದಾಗ 102ರಿಂದ 104 ಡಿಗ್ರಿ ಇದ್ದರೆ ಸರಿಯಾಗಿದೆ. ನಮಗೆ ಸಹಜವಾದ 98.6 ಡಿಗ್ರಿ ಮರಿಗೆ ಅಪಾಯದ ಗೆರೆ. 99ರಿಂದ 102ರ ನಡುವೆ ಇದ್ದರೆ ಮರಿ ತಣ್ಣಗಾಗುತ್ತಿದೆ, ಒಣಗಿಸಿ ಗಿಣ್ಣು ಕುಡಿಸಿದರೆ ಚೇತರಿಸಿಕೊಳ್ಳುತ್ತದೆ. 99ಕ್ಕಿಂತ ಕೆಳಗಿಳಿದರೆ ಅದರ ಜೀವ ನಾವು ಮುಂದೆ ಏನು ಮಾಡುತ್ತೇವೆ, ಯಾವುದನ್ನು ಮೊದಲು ಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಡಿಸೆಂಬರಿನ ಒಂದು ರಾತ್ರಿ ಎರಡು ಗಂಟೆಗೆ ನಾರಿ ಸುವರ್ಣ ಕುರಿ ಅವಳಿ ಹಾಕಿದೆ. ಎರಡನೆಯದು ಎರಡು ಕೆ.ಜಿ.ಯ ಹೆಣ್ಣುಮರಿ. ತಾಯಿ ಮೊದಲನೆಯದರಲ್ಲಿ ಮೈಮರೆತಿದೆ. ಮೂರು ಗಂಟೆಗೆ ಯಾರೋ ಎದ್ದು ಬ್ಯಾಟರಿ ಹಿಡಿದು ನೋಡಿದಾಗ ಈ ಮರಿ ಒದ್ದೆಯಾಗಿ, ತಲೆಯೆತ್ತಲಾರದೆ ಬಿದ್ದಿದೆ. ಕಾವು 97 ಡಿಗ್ರಿ. ಇದಕ್ಕೆ ವಯಸ್ಸು ಒಂದು ಗಂಟೆ. ಹುಟ್ಟುವಾಗ ಮರಿಯ ಮೈಯಲ್ಲಿ, ಅದರಲ್ಲೂ ಮೂತ್ರಪಿಂಡಗಳ ಸುತ್ತ, ಕಂದು ಕೊಬ್ಬು ಎಂಬ ಉರುವಲಿರುತ್ತದೆ. ಚಳಿಯಲ್ಲಿ ಅದು ಸುಮಾರು ಐದು ಗಂಟೆ ಉರಿದು ಮೈ ಕಾಯಿಸಬಲ್ಲದು. ಒಂದು ಗಂಟೆಯ ಮರಿಯಲ್ಲಿ ಆ ಉರುವಲು ಇನ್ನೂ ಇದೆ, ಕಾವು ಹೋದದ್ದು ಒದ್ದೆ ಮೈಯಿಂದ. ಆದ್ದರಿಂದ ಮೊದಲು ಚೆನ್ನಾಗಿ ಒರೆಸಿ ಒಣಗಿಸಬೇಕು, ಬೆಚ್ಚಗೆ ಮಾಡಬೇಕು, ಕಾವು 99 ದಾಟಿ ತಲೆಯೆತ್ತಿದ ಮೇಲೆ ಗಿಣ್ಣು ಕುಡಿಸಬೇಕು. ಬೆಳಗಿನ ಹೊತ್ತಿಗೆ ಅದು ತಾಯಿಯ ಬಳಿ ಇರುತ್ತದೆ.

ಅದೇ ಮರಿಯನ್ನು ರಾತ್ರಿ ಯಾರೂ ನೋಡಲಿಲ್ಲ ಎಂದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಸಿಕ್ಕಿದೆ. ಮೈಯೇನೋ ಒಣಗಿದೆ. ಕಾವು ಅದೇ 97. ಆದರೆ ವಯಸ್ಸು ಆರು ಗಂಟೆ, ಹೊಟ್ಟೆ ಖಾಲಿ, ಕಂದು ಕೊಬ್ಬು ಮುಗಿದಿದೆ, ರಕ್ತದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಇಳಿದಿದೆ. ಕರುಣೆಯಿಂದ ಯಾರಾದರೂ ಇದನ್ನು ಒಲೆಯ ಮುಂದೆ ಇಟ್ಟು ಕಾಯಿಸಿದರೆ ಅರ್ಧ ಗಂಟೆಯಲ್ಲಿ ಅದು ಕಾಲು ಬಡಿದು, ಸೆಟೆದು ಸಾಯಬಹುದು. ತಣ್ಣಗಿದ್ದ ಮಿದುಳಿಗೆ ಕಡಿಮೆ ಸಕ್ಕರೆ ಸಾಕಾಗಿತ್ತು. ಬೆಚ್ಚಗಾದ ಮಿದುಳು ಹೆಚ್ಚು ಕೇಳುತ್ತದೆ, ಕೊಡಲು ರಕ್ತದಲ್ಲಿ ಏನೂ ಇಲ್ಲ. "ಬೆಚ್ಚಗೆ ಮಾಡಿದೆವು, ಆದರೂ ಹೋಯಿತು" ಎಂದು ರೈತರು ನೊಂದು ಹೇಳುವ ಎಷ್ಟೋ ಸಾವುಗಳ ಕಾರಣ ಇದು.

ಈ ಮರಿಗೆ ಮೊದಲು ಬೇಕಾದದ್ದು ಸಕ್ಕರೆ. ತಲೆಯೆತ್ತಿ ನುಂಗುವಷ್ಟು ಶಕ್ತಿ ಇದ್ದರೆ ನಳಿಕೆಯಿಂದ ಗಿಣ್ಣು ಹೊಟ್ಟೆಗೆ ಇಳಿಸಿ ಆಮೇಲೆ ಕಾಯಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಂದ ಏನನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಅಂಥ ಮರಿಗೆ 20 ಪ್ರತಿಶತದ ಗ್ಲೂಕೋಸ್ ದ್ರಾವಣವನ್ನು ಮೈಕಾವಿಗೆ ಬೆಚ್ಚಗೆ ಮಾಡಿ, ಕೆ.ಜಿ. ತೂಕಕ್ಕೆ 10 ಎಂ.ಎಲ್. ಲೆಕ್ಕದಲ್ಲಿ ಹೊಟ್ಟೆಯ ಪೊಳ್ಳಿಗೆ ಚುಚ್ಚಿ ಕೊಡುತ್ತಾರೆ. ನಮ್ಮ ಎರಡು ಕೆ.ಜಿ. ಮರಿಗೆ 20 ಎಂ.ಎಲ್. ಆಯಿತು. ಇದನ್ನು ಪಶುವೈದ್ಯರು ಮಾಡಬೇಕು, ಇಲ್ಲವೇ ಅವರ ಕೈಕೆಳಗೆ ಕಲಿತವರು ಮಾಡಬೇಕು. ಸೂಜಿ ತಪ್ಪು ಜಾಗಕ್ಕೆ ಹೋದರೆ ಕರುಳು ತೂತಾಗುತ್ತದೆ. ಹೆಚ್ಚು ಅವಳಿ ಹುಟ್ಟುವ ಮಂದೆಯವರು ಮರಿ ಹಾಕುವ ಕಾಲಕ್ಕೆ ಮುಂಚೆಯೇ ವೈದ್ಯರ ಬಳಿ ಹೋಗಿ ಇದನ್ನು ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಕಾಯಿಸುವುದಕ್ಕೂ ಒಂದು ಹದವಿದೆ. ರಟ್ಟಿನ ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ ಹುಲ್ಲು, ಹಳೆಯ ಕಂಬಳಿ ಹಾಸಿ, ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಇಕ್ಕೆಲದಲ್ಲಿ ಇಡಬಹುದು. ಕರೆಂಟಿದ್ದರೆ ಹಳೆಯ ಮಾದರಿಯ, ಬಿಸಿಯಾಗುವ ಬಲ್ಬನ್ನು ಮರಿಗೆ ತಾಗದಷ್ಟು ಎತ್ತರದಲ್ಲಿ ತೂಗುಬಿಡಬಹುದು. ಎಲ್‌ಇಡಿ ಬಲ್ಬು ಇದಕ್ಕೆ ಆಗದು. ಬೆಂಕಿಯ ಮುಂದೆ ಇಟ್ಟರೆ ಹೊಗೆ ಕುಡಿಯುತ್ತದೆ, ಒಂದು ಕಡೆ ಸುಡುತ್ತದೆ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಕಾವು ನೋಡುತ್ತಿರಬೇಕು. 99 ದಾಟಿ ಮರಿ ಎದೆಯೂರಿ ಕುಳಿತರೆ ಹೊರತೆಗೆದು ಹಾಲು ಕೊಡುವ ಹೊತ್ತಾಯಿತು.

ಚೀಪಲಾರದ ಮರಿಗೆ ನಳಿಕೆಯೇ ಗತಿ. ಮೆಡಿಕಲ್ ಶಾಪಿನಲ್ಲಿ ಸಿಗುವ, ಮೂಗಿನಿಂದ ಆಹಾರ ಕೊಡಲು ಬಳಸುವ ಮೆತ್ತನೆಯ ರೈಲ್ಸ್ ಟ್ಯೂಬ್ ಮತ್ತು ಸೂಜಿಯಿಲ್ಲದ 50 ಎಂ.ಎಲ್. ಸಿರಿಂಜು ಸಾಕು. ನಳಿಕೆಯನ್ನು ಮರಿಯ ಮೂತಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಹಾಕಬೇಕು. ಮರಿಯನ್ನು ತೊಡೆಯ ಮೇಲೆ ಕೂರಿಸಿ, ಕತ್ತು ತೀರಾ ಮೇಲಕ್ಕೆತ್ತದೆ, ಒದ್ದೆ ಮಾಡಿದ ನಳಿಕೆಯನ್ನು ಬಾಯಿಯ ಪಕ್ಕದಿಂದ ನಾಲಿಗೆಯ ಮೇಲೆ ಜಾರಿಸಿದರೆ ಮರಿ ಅದನ್ನು ನುಂಗುತ್ತದೆ. ಗುರುತಿನವರೆಗೆ ತಡೆಯಿಲ್ಲದೆ ಇಳಿಯಿತೆಂದರೆ ಹೊಟ್ಟೆ ಸೇರಿದೆ. ಮರಿ ಕೆಮ್ಮಿದರೆ, ಒದ್ದಾಡಿದರೆ, ನಳಿಕೆ ನಡುವೆಯೇ ನಿಂತುಬಿಟ್ಟರೆ ಅದು ಗಾಳಿಕೊಳವೆಗೆ ಹೋಗಿದೆ, ತೆಗೆದು ಮತ್ತೆ ಹಾಕಬೇಕು. ಸಿರಿಂಜಿನ ಹಿಡಿ ತೆಗೆದು ಕೊಳವೆಯನ್ನಷ್ಟೇ ನಳಿಕೆಗೆ ಸಿಕ್ಕಿಸಿ, ಎತ್ತಿ ಹಿಡಿದು ಹಾಲು ಸುರಿದರೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ತಳ್ಳುವ ಅಗತ್ಯವಿಲ್ಲ. ಹೊರತೆಗೆಯುವಾಗ ನಳಿಕೆಯನ್ನು ಮಡಚಿ ಹಿಡಿದು ಎಳೆದರೆ ಉಳಿದ ಹನಿಗಳು ಗಂಟಲಿಗೆ ಬೀಳುವುದಿಲ್ಲ.

ಎಷ್ಟು ಕೊಡಬೇಕು? ಒಂದು ಸಲಕ್ಕೆ ಕೆ.ಜಿ. ತೂಕಕ್ಕೆ 50 ಎಂ.ಎಲ್. ಗಿಣ್ಣು, ಮೊದಲ ದಿನದಲ್ಲಿ ಒಟ್ಟು ನಾಲ್ಕು ಸಲ. ನಮ್ಮ ಎರಡು ಕೆ.ಜಿ. ಮರಿಗೆ ಸಲಕ್ಕೆ 100 ಎಂ.ಎಲ್., ದಿನಕ್ಕೆ 400. ತಾಯಿಯಿಂದಲೇ ಹಿಂಡಿದರೆ ಅತ್ಯುತ್ತಮ. ಸಾಲದಿದ್ದರೆ ಅದೇ ದಿನ ಒಂಟಿ ಮರಿ ಹಾಕಿದ ಇನ್ನೊಂದು ಕುರಿಯಿಂದ, ಅದರ ಮರಿ ಕುಡಿದು ಉಳಿದದ್ದನ್ನು ಹಿಂಡಬಹುದು. ಮನೆಯಲ್ಲಿ ಫ್ರಿಜ್ ಇದ್ದರೆ ಅಂಥ ಗಿಣ್ಣನ್ನು 100 ಎಂ.ಎಲ್. ಪೊಟ್ಟಣಗಳಾಗಿ ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಇಡಬಹುದು. ಯಾವುದೂ ಇಲ್ಲದಾಗ ಅಂದು ಕರು ಹಾಕಿದ, ಆರೋಗ್ಯವಾಗಿರುವ ಹಸುವಿನ ಮೊದಲ ಗಿಣ್ಣು ಆಗುತ್ತದೆ. ಅದು ತೆಳು, ಹಾಗಾಗಿ ಕಾಲುಭಾಗದಷ್ಟು ಹೆಚ್ಚು ಕೊಡಬೇಕು. ನೆರೆಮನೆಯವರು ಗಿಣ್ಣು ಕೊಟ್ಟಾಗ ಅದನ್ನು ಒಲೆಯ ಮೇಲಿಡುವುದು ನಮಗೆ ರೂಢಿ. ಮರಿಗೆ ಕೊಡುವ ಗಿಣ್ಣನ್ನು ಮಾತ್ರ ಕಾಯಿಸಬಾರದು. ಪಾತ್ರೆಯಲ್ಲಿ ಅದು ಗಟ್ಟಿಯಾಗುತ್ತದಲ್ಲ, ಆಗ ಕೆಡುವುದು ಮರಿಯನ್ನು ಕಾಯಬೇಕಾದ ಪ್ರೋಟೀನೇ. ಪಾತ್ರೆಯನ್ನು ಕೈಸುಡದ ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿದರೆ ಸಾಕು.

ಚೇತರಿಸಿಕೊಂಡ ಮರಿಯನ್ನು ಬೇಗ ತಾಯಿಯ ಬಳಿಗೆ ಒಯ್ಯಬೇಕು. ತಡೆದರೆ ತಾಯಿ ಒಂದೇ ಮರಿಗೆ ಒಗ್ಗಿಕೊಳ್ಳುತ್ತದೆ. ಎರಡೂ ಮರಿಗಳ ಜೊತೆ ತಾಯಿಯನ್ನು ಗೂಡಿನಲ್ಲಿ ಎರಡು ಮೂರು ದಿನ ಇಟ್ಟರೆ ಸಂಬಂಧ ಗಟ್ಟಿಯಾಗುತ್ತದೆ, ಅಷ್ಟರಲ್ಲಿ ನೀರು, ಹಸಿಮೇವು ಅಲ್ಲಿಗೇ ಹೋಗಬೇಕು. ಮಾಸು ಸಾಮಾನ್ಯವಾಗಿ ಎರಡು ಮೂರು ಗಂಟೆಯಲ್ಲಿ ಬೀಳುತ್ತದೆ. ಅರ್ಧ ದಿನವಾದರೂ ಬೀಳದಿದ್ದರೆ ಕೈಯಿಂದ ಎಳೆಯದೆ ವೈದ್ಯರಿಗೆ ತೋರಿಸಬೇಕು. ಬಿದ್ದದ್ದನ್ನು ನಾಯಿಗಳಿಗೆ ಬಿಡದೆ ಆಳವಾಗಿ ಹೂಳಬೇಕು.

ತಾಯಿ ಸತ್ತರೆ, ಅಥವಾ ಅವಳಿಗೆ ಸಾಲುವಷ್ಟು ಹಾಲೇ ಇಲ್ಲದಿದ್ದರೆ, ಬಾಟಲಿಗೆ ಕೈಹಾಕುವ ಮೊದಲು ಸಾಕುತಾಯಿಯನ್ನು ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮನುಷ್ಯರು ಎಷ್ಟೇ ಅಕ್ಕರೆಯಿಂದ ಸಾಕಿದರೂ ಕುರಿ ಸಾಕಿದ ಮರಿಯ ಬೆಳವಣಿಗೆ ಬೇರೆಯೇ. ಸಾಕುತಾಯಿಯನ್ನು ಒಪ್ಪಿಸುವ ಗುಟ್ಟೆಲ್ಲ ವಾಸನೆಯಲ್ಲಿದೆ. ಒಂಟಿ ಮರಿ ಹಾಕುತ್ತಿರುವ ಕುರಿಯೊಂದು ಸಿಕ್ಕರೆ, ಅದರ ಗರ್ಭನೀರನ್ನು ಬಕೀಟಿನಲ್ಲಿ ಹಿಡಿದು ತಬ್ಬಲಿ ಮರಿಯ ಮೈಗೆಲ್ಲ, ಮುಖ್ಯವಾಗಿ ತಲೆ ಮತ್ತು ಬಾಲದ ಬುಡಕ್ಕೆ ಬಳಿದು ಅದರ ಮೂತಿಯ ಮುಂದಿಡಬೇಕು. ತಬ್ಬಲಿಗೆ ಒಂದೆರಡು ದಿನವಾಗಿದ್ದರೆ ಅದು ಜಿಗಿದು ಓಡಾಡಿ ಗುಟ್ಟು ರಟ್ಟುಮಾಡುತ್ತದೆ. ಆದ್ದರಿಂದ ಅದರ ಮೂರು ಕಾಲುಗಳನ್ನು ಮೆತ್ತನೆಯ ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಹೊಸ ಮರಿಯಂತೆ ತಡವರಿಸುವ ಹಾಗೆ ಮಾಡಿ, ತಾಯಿ ನೆಕ್ಕಿ ಒಪ್ಪಿದ ಮೇಲೆ ಬಿಚ್ಚುತ್ತಾರೆ. ಮರಿ ಸತ್ತ ಕುರಿ ಇದ್ದರೆ ಸತ್ತ ಮರಿಯ ಚರ್ಮವನ್ನು ಸುಲಿದು ತಬ್ಬಲಿಗೆ ಅಂಗಿಯಂತೆ ತೊಡಿಸುವುದು ಜಗತ್ತಿನ ಅನೇಕ ಕಡೆಯ ಕುರಿಗಾಹಿಗಳು ಕಂಡುಕೊಂಡ ಉಪಾಯ. ತಾಯಿ ಬಾಲದ ಬಳಿ ಮೂಸಿ ತನ್ನದೇ ಎಂದು ಹಾಲು ಬಿಡುತ್ತದೆ. ಎರಡು ಮೂರು ದಿನದಲ್ಲಿ ತಾಯಿಯ ಹಾಲಿನ ವಾಸನೆ ಮರಿಯ ಮೈಗೆ ಬಂದಿರುತ್ತದೆ, ಆಗ ಚರ್ಮ ತೆಗೆಯಬೇಕು, ಇಲ್ಲದಿದ್ದರೆ ಕೊಳೆತು ಹುಳುವಾಗುತ್ತದೆ. ಆ ಮರಿ ರೋಗದಿಂದ ಸತ್ತಿದ್ದರೆ ಈ ಉಪಾಯ ಬೇಡ. ನಮ್ಮ ಕುರಿಗಾಹಿಗಳು ಮಂದೆಯಲ್ಲಿ ನಾಲ್ಕಾರು ಆಡುಗಳನ್ನು ಇಟ್ಟುಕೊಳ್ಳುವುದರ ಹಿಂದೆಯೂ ಈ ಲೆಕ್ಕ ಸೇರಿದೆ. ಹಾಲು ಹೆಚ್ಚಿರುವ ಸಾಧು ಆಡನ್ನು ಹಿಡಿದು ನಿಲ್ಲಿಸಿದರೆ ತಬ್ಬಲಿ ಕುರಿಮರಿ ಅದರ ಕೆಚ್ಚಲಿಗೆ ಬಾಯಿಹಾಕುತ್ತದೆ.

ಯಾವ ತಾಯಿಯೂ ಸಿಗದಾಗ ಬಾಟಲಿ. ಕುರಿಯ ಹಾಲಿನಲ್ಲಿ ಕೊಬ್ಬು ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಹಾಗಾಗಿ ಮರಿಗೆ ಕೊಡುವ ಹಸುವಿನ ಹಾಲಿಗೆ ಒಂದು ಹನಿ ನೀರನ್ನೂ ಬೆರೆಸಬಾರದು. ಆಡಿನ ಹಾಲು ಸಿಕ್ಕರೆ ಇನ್ನೂ ಒಳ್ಳೆಯದು. ದಿನಕ್ಕೆ ಮೈತೂಕದ ಐದರಲ್ಲಿ ಒಂದು ಪಾಲಿನಷ್ಟು ಹಾಲು ಬೇಕು. ಎರಡೂವರೆ ಕೆ.ಜಿ. ಮರಿಗೆ ಅರ್ಧ ಲೀಟರು, ಮೊದಲ ವಾರ ಅದನ್ನು ಐದಾರು ಸಲಕ್ಕೆ ಹಂಚಬೇಕು. ಮೂರನೇ ವಾರದ ಹೊತ್ತಿಗೆ ದಿನಕ್ಕೆ ಮೂರು ನಾಲ್ಕು ಸಲ ಸಾಕು. ಹಸಿದು ಬಂದ ಮರಿಗೆ ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಬೆಚ್ಚನೆಯ ಹಾಲು ಕೊಟ್ಟರೆ ಹೊಟ್ಟೆಯಲ್ಲಿ ಹುಳಿತು ಉಬ್ಬರಿಸಿ ಒಂದೆರಡು ಗಂಟೆಯಲ್ಲೇ ಸಾಯಬಹುದು. ಕೊಡುವ ಭಂಗಿಯೂ ಮುಖ್ಯ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ಮರಿ ತನ್ನ ಕಾಲ ಮೇಲೆ ನಿಂತು, ಕತ್ತು ಮುಂದಕ್ಕೆ ಚಾಚಿ ಚೀಪಬೇಕು. ಚೀಪಿದಾಗ ಅನ್ನನಾಳದ ತುದಿಯಲ್ಲೊಂದು ಮಡಿಕೆ ಮುಚ್ಚಿಕೊಂಡು ಹಾಲು ನೇರವಾಗಿ ಜೀರ್ಣವಾಗುವ ಹೊಟ್ಟೆಗೆ ಇಳಿಯುತ್ತದೆ. ಬಾಯಿಗೆ ಸುರಿದ ಹಾಲು ದಾರಿ ತಪ್ಪಿ ಮೊದಲ ಹೊಟ್ಟೆ ಸೇರಿ ಅಲ್ಲೇ ಕೆಡುತ್ತದೆ. ಬಾಟಲಿ, ನಿಪ್ಪಲ್‌ಗಳನ್ನು ಪ್ರತಿಸಲವೂ ಕುದಿನೀರಲ್ಲಿ ತೊಳೆಯದಿದ್ದರೆ ಭೇದಿ ಖಂಡಿತ. ಗಿಣ್ಣು ಸಿಗದ ಮರಿಗಂತೂ ಅದನ್ನು ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಅಂಥ ಮರಿಯ ಲಸಿಕೆಗಳ ವಿಷಯವನ್ನು ವೈದ್ಯರಿಗೆ ಬೇಗನೇ ತಿಳಿಸಬೇಕು.

ಹತ್ತು ಹದಿನೈದು ದಿನ ಕಳೆದ ಮೇಲೆ ಅಗಸೆ ಸೊಪ್ಪನ್ನೋ ಹಾಲುವಾಣದ ಸೊಪ್ಪನ್ನೋ ಕಟ್ಟಿ ಮರಿಯ ಮೂತಿಯ ಎತ್ತರಕ್ಕೆ ತೂಗುಬಿಟ್ಟರೆ ಮೊದಲು ಆಟಕ್ಕೆಂದು ಕಚ್ಚುತ್ತದೆ, ಆಮೇಲೆ ತಿನ್ನಲು ಕಲಿಯುತ್ತದೆ. ಪಕ್ಕದಲ್ಲಿ ಸ್ವಲ್ಪ ನುಚ್ಚು, ಹಿಂಡಿ ಮತ್ತು ಶುದ್ಧ ನೀರು ಇರಬೇಕು. ತಬ್ಬಲಿಯನ್ನು ಒಂಟಿಯಾಗಿ ಮನೆಯ ಹಜಾರದಲ್ಲಿ ಬೆಳೆಸುವ ಬದಲು ಬೇರೆ ಮರಿಗಳ ಜೊತೆ ಬಿಟ್ಟರೆ ಅವುಗಳನ್ನು ನೋಡಿ ಬೇಗ ಮೇವು ಮುಟ್ಟುತ್ತದೆ. ಎರಡು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಮೂರು ನಾಲ್ಕು ಪಟ್ಟಾಗಿ, ದಿನಕ್ಕೆ ಎರಡು ಹಿಡಿಯಷ್ಟು ಕಾಳು-ಹಿಂಡಿಯನ್ನು ತಪ್ಪದೆ ತಿನ್ನುತ್ತಿದ್ದರೆ ಹಾಲು ಬಿಡಿಸಬಹುದು. ಎರಡು ಕೆ.ಜಿ.ಯ ನಮ್ಮ ಹೆಣ್ಣುಮರಿಗೆ ಅದು ಆರರಿಂದ ಎಂಟು ಕೆ.ಜಿ. ತೂಕ. ಅಷ್ಟು ತೂಕ ಬಾರದಿದ್ದರೆ ತಿಂಗಳ ಲೆಕ್ಕ ನೋಡದೆ, ದಿನಕ್ಕೊಂದು ಬಾಟಲಿಯನ್ನು ಇನ್ನೆರಡು ವಾರ ಮುಂದುವರಿಸಬೇಕು.